ಉಳಿದ ಪೈಪು ಹಿಂದಿರುಗಿಸಿದಾಗ ಅಂಗಡಿಯಿಂದ ಬರಬೇಕಾದ ಹಣವೆಷ್ಟು?



ಕೊಳವೆ ಬಾವಿಯಿಂದ ತೋಟದವರೆಗೆ ಪೈಪು ಹೂಳಿಸುವಾಗ ಅಂದಾಜಿಗಿಂತ ನಾಲ್ಕಾರು ಪೈಪು ಹೆಚ್ಚಿಗೆ ತರುವುದು ವಾಡಿಕೆ. ಕೆಲಸ ಮುಗಿದ ಮೇಲೆ ಉಳಿದವನ್ನು ಅಂಗಡಿಗೆ ಹಿಂದಿರುಗಿಸುತ್ತೇವೆ. ಅಂಗಡಿಯವರು ಸ್ವಲ್ಪ ಹಣ ಮುರಿದುಕೊಂಡು ಮಿಕ್ಕಿದ್ದನ್ನು ಕೈಗಿಡುತ್ತಾರೆ. ಆ ಮೊತ್ತ ಸರಿಯೇ, ತಪ್ಪೇ ಎಂದು ನೋಡುವವರು ವಿರಳ. ಅದರಲ್ಲಿಯೂ ಬಿಲ್ಲಿನಲ್ಲಿ ಕಟ್ಟಿದ ತೆರಿಗೆಯ ಪಾಲು ಅನೇಕ ವೇಳೆ ಹಿಂದಕ್ಕೆ ಬರುವುದೇ ಇಲ್ಲ. ಈ ಲೆಕ್ಕವನ್ನು ನೀವೇ ಮಾಡಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದೆ.

ಮೊದಲು ತಿಳಿಯಬೇಕಾದ ಮಾತು

ಮಾಲು ಚೆನ್ನಾಗಿದ್ದು, ನೀವು ಕೇಳಿದ್ದೇ ಆಗಿದ್ದರೆ, ಹೆಚ್ಚಾಯಿತು ಎಂಬ ಕಾರಣಕ್ಕೆ ಅಂಗಡಿಯವರು ಅದನ್ನು ವಾಪಸು ಪಡೆಯಲೇಬೇಕೆಂದು ಕಾನೂನು ಹೇಳುವುದಿಲ್ಲ. ಅದು ನಿಮ್ಮಿಬ್ಬರ ನಡುವಿನ ಒಪ್ಪಂದ. ಹಿಂದಕ್ಕೆ ಬಂದ ಮಾಲನ್ನು ಪರೀಕ್ಷಿಸಿ, ಮತ್ತೆ ಜೋಡಿಸಿಟ್ಟು ಮಾರಲು ತಗಲುವ ಶ್ರಮಕ್ಕಾಗಿ ಅವರು ಒಂದಿಷ್ಟು ಹಣ ಹಿಡಿಯುತ್ತಾರೆ. ಇದನ್ನು ರೀಸ್ಟಾಕಿಂಗ್ ಚಾರ್ಜು ಎನ್ನುತ್ತಾರೆ. ನಾವು ವಾಪಸಾತಿ ಖರ್ಚು ಎನ್ನೋಣ. ಇದು ಶೇಕಡಾ ಎಷ್ಟು, ಎಷ್ಟು ದಿನದೊಳಗೆ ಮಾಲು ತರಬೇಕು ಎಂಬುದನ್ನು ಕೊಳ್ಳುವಾಗಲೇ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿರಿ.

ಪೈಪು ಸೀಳಿದ್ದರೆ ಅಥವಾ ಬೇರೆ ಅಳತೆಯದನ್ನು ಕೊಟ್ಟಿದ್ದರೆ ಮಾತು ಬೇರೆ. ತಪ್ಪು ಅವರದಾದುದರಿಂದ ಈ ಖರ್ಚನ್ನು ಒಪ್ಪಿಕೊಳ್ಳಬೇಕಾಗಿಲ್ಲ. ದೋಷವುಳ್ಳ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಅನುಚಿತ ವ್ಯಾಪಾರ ಪದ್ಧತಿ.

ಒಂದು ಉದಾಹರಣೆ

ತೆಂಗಿನ ತೋಟದ ರೈತರೊಬ್ಬರು 6 ಮೀಟರ್ ಉದ್ದದ 40 ಪಿ.ವಿ.ಸಿ. ಪೈಪುಗಳನ್ನು ಕೊಂಡರೆಂದು ಇಟ್ಟುಕೊಳ್ಳಿ. ಹೆಜ್ಜೆ ಹಾಕಿ ಅಳೆದಾಗ ದೂರ 240 ಮೀಟರ್ ಎನಿಸಿತ್ತು. ಹೂಳಿದಾಗ ಹಿಡಿದದ್ದು 168 ಮೀಟರ್, ಅಂದರೆ 28 ಪೈಪು ಮಾತ್ರ. ಉಳಿದ 12ರಲ್ಲಿ ಎರಡನ್ನು ಗರಗಸದಿಂದ ಕೊಯ್ದಾಗಿತ್ತು. ಕೊಯ್ದದ್ದನ್ನೂ, ಅಂಟು ಹಚ್ಚಿದ್ದನ್ನೂ ಯಾರೂ ವಾಪಸು ಪಡೆಯುವುದಿಲ್ಲ. ಆದುದರಿಂದ ಹಿಂದಿರುಗಿಸಿದ್ದು 10 ಪೈಪು. ಅವರ ಮೂಲ ಬಿಲ್ಲು ಹೀಗಿತ್ತು:

40 ಪೈಪು, ತಲಾ ರೂ. 600ರಂತೆ — ರೂ. 24,000.00
ಶೇಕಡಾ 5 ರಿಯಾಯಿತಿ ಕಳೆದು — ರೂ. 1,200.00
ತೆರಿಗೆಗೆ ಒಳಪಟ್ಟ ಬೆಲೆ — ರೂ. 22,800.00
ಕೇಂದ್ರ ಜಿ.ಎಸ್.ಟಿ. ಶೇಕಡಾ 9 — ರೂ. 2,052.00
ರಾಜ್ಯ ಜಿ.ಎಸ್.ಟಿ. ಶೇಕಡಾ 9 — ರೂ. 2,052.00
ಒಟ್ಟು — ರೂ. 26,904.00

ವಾಪಸಾತಿ ಖರ್ಚು ಶೇಕಡಾ 10 ಎಂದು ಮೊದಲೇ ಮಾತಾಗಿತ್ತು. ಈಗ ನಾಲ್ಕು ಹೆಜ್ಜೆಗಳಲ್ಲಿ ಲೆಕ್ಕ ಹಾಕೋಣ.

1. ರಿಯಾಯಿತಿ ಕಳೆದ ಬೆಲೆ ಹಿಡಿಯಿರಿ. ಒಂದು ಪೈಪಿಗೆ ರೈತರು ನಿಜವಾಗಿ ಕೊಟ್ಟದ್ದು ರೂ. 600 ಅಲ್ಲ, ರೂ. 570. ಹತ್ತು ಪೈಪಿಗೆ ರೂ. 5,700.

2. ವಾಪಸಾತಿ ಖರ್ಚು ಕಳೆಯಿರಿ. ಹಿಂದಿರುಗಿಸಿದ ಮಾಲಿನ ಬೆಲೆಯ ಮೇಲೆ ಮಾತ್ರ ಇದನ್ನು ಹಾಕಬೇಕು, ಇಡೀ ಬಿಲ್ಲಿನ ಮೇಲಲ್ಲ. ರೂ. 5,700ಕ್ಕೆ ಶೇಕಡಾ 10ರಂತೆ ರೂ. 570. ಉಳಿದದ್ದು ರೂ. 5,130.

3. ಆ ಮೊತ್ತಕ್ಕೆ ಸಲ್ಲುವ ತೆರಿಗೆ ಸೇರಿಸಿರಿ. ರೂ. 5,130ಕ್ಕೆ ಶೇಕಡಾ 18ರಂತೆ ರೂ. 923.40.

4. ಎರಡನ್ನೂ ಕೂಡಿರಿ. ರೈತರಿಗೆ ಬರಬೇಕಾದದ್ದು ರೂ. 6,053.40.

ಲೆಕ್ಕ ಸರಿಯೇ ಎಂದು ತಾಳೆ ನೋಡಲು ಸುಲಭ ಉಪಾಯವಿದೆ. ಬಿಲ್ಲಿನ ಒಟ್ಟು ಮೊತ್ತವನ್ನು 40ರಿಂದ ಭಾಗಿಸಿ 10ರಿಂದ ಗುಣಿಸಿದರೆ ರೂ. 6,726 ಬರುತ್ತದೆ. ಅದರಲ್ಲಿ ಶೇಕಡಾ 10 ಕಳೆದರೆ ಅದೇ ರೂ. 6,053.40. ಬಿಲ್ಲಿನಲ್ಲಿ ಒಂದೇ ಬೆಲೆಯ ಒಂದೇ ವಸ್ತು ಇದ್ದಾಗ ಮಾತ್ರ ಈ ಉಪಾಯ ನಡೆಯುತ್ತದೆ. ಹಲವು ವಸ್ತುಗಳಿದ್ದರೆ ಒಂದೊಂದು ಸಾಲನ್ನೂ ಬೇರೆಯಾಗಿ ಲೆಕ್ಕ ಮಾಡಬೇಕು, ಏಕೆಂದರೆ ತೆರಿಗೆಯ ದರ ಬೇರೆ ಬೇರೆ ಇರಬಹುದು.

ಎಲ್ಲಿ ತಪ್ಪುತ್ತದೆ?

ಹೆಚ್ಚಿನ ಅಂಗಡಿಗಳಲ್ಲಿ ಆಗುವ ತಪ್ಪು ಮೂರನೆಯ ಹೆಜ್ಜೆಯಲ್ಲಿ. ‘ತೆರಿಗೆ ಸರ್ಕಾರಕ್ಕೆ ಕಟ್ಟಿಬಿಟ್ಟಿದ್ದೇವೆ, ಅದು ವಾಪಸು ಬರುವುದಿಲ್ಲ’ ಎಂದು ಹೇಳಿ ರೂ. 5,130 ಮಾತ್ರ ಕೊಡುತ್ತಾರೆ. ಈ ಮಾತು ಸರಿಯಲ್ಲ. ಕೇಂದ್ರ ಜಿ.ಎಸ್.ಟಿ. ಕಾಯಿದೆಯ 34ನೆಯ ಕಲಮಿನಂತೆ, ಮಾಲು ಹಿಂದಕ್ಕೆ ಬಂದಾಗ ವ್ಯಾಪಾರಿಯು ಕ್ರೆಡಿಟ್ ನೋಟ್ ಬರೆದು ತನ್ನ ತೆರಿಗೆಯನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿಕೊಳ್ಳಬಹುದು. ಆದರೆ ಆ ತೆರಿಗೆಯ ಹೊರೆ ಗಿರಾಕಿಯ ತಲೆಯ ಮೇಲೆಯೇ ಉಳಿದಿದ್ದರೆ ಈ ಸೌಲಭ್ಯ ಸಿಗುವುದಿಲ್ಲ. ಅಂದರೆ ನಿಮಗೆ ತೆರಿಗೆ ಹಿಂದಿರುಗಿಸಿದರೆ ತಾನೇ ಅವರಿಗೂ ಅದು ಇಳಿಯುವುದು. ಈ ಮಾತನ್ನು ಸಮಾಧಾನದಿಂದ ತಿಳಿಸಿದರೆ ಅನೇಕರು ಒಪ್ಪುತ್ತಾರೆ.

ತಪ್ಪು ನಮ್ಮ ಕಡೆಯಿಂದಲೂ ಆಗುತ್ತದೆ. ರಿಯಾಯಿತಿಯನ್ನು ಮರೆತು ರೂ. 600ರ ಲೆಕ್ಕದಲ್ಲಿ ಹಣ ಕೇಳುವುದು ನ್ಯಾಯವಲ್ಲ. 40 ಪೈಪು ಕೊಂಡರೆ ಮಾತ್ರ ರಿಯಾಯಿತಿ ಎಂದು ಹೇಳಿದ್ದರೆ, ಇಟ್ಟುಕೊಂಡ 30 ಪೈಪುಗಳ ರಿಯಾಯಿತಿ ರೂ. 900 ಮತ್ತು ಅದರ ತೆರಿಗೆಯನ್ನೂ ಅವರು ಮುರಿದುಕೊಂಡಾರು. ಇದನ್ನೂ ಮೊದಲೇ ವಿಚಾರಿಸಿರಿ.

ಬಿಲ್ಲಿನಲ್ಲಿ ತೆರಿಗೆಯನ್ನೇ ಹಾಕದಿದ್ದರೆ ಹಿಂದಕ್ಕೆ ಕೇಳಲು ತೆರಿಗೆಯೂ ಇರುವುದಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗಳು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ. ಬಿಳಿ ಚೀಟಿಯ ಮೇಲೆ ಕೊಂಡ ಮಾಲಿಗಂತೂ ಯಾವ ಆಧಾರವೂ ಇರುವುದಿಲ್ಲ.

ದರ ಮತ್ತು ಅವಧಿ

ತೆರಿಗೆ ಹಿಂದಿರುಗಿಸುವಾಗ ಮೂಲ ಬಿಲ್ಲಿನಲ್ಲಿದ್ದ ದರವೇ ಅನ್ವಯಿಸುತ್ತದೆ. ಹನಿ ನೀರಾವರಿ ಉಪಕರಣಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರ ಬದಲು 5ಕ್ಕೆ ಇಳಿಯಿತು. ಅದಕ್ಕೆ ಮುಂಚೆ ಶೇಕಡಾ 12 ಕೊಟ್ಟು ಕೊಂಡದ್ದನ್ನು ಆಮೇಲೆ ಹಿಂದಿರುಗಿಸಿದರೂ ಶೇಕಡಾ 12ರಂತೆಯೇ ಲೆಕ್ಕವಾಗಬೇಕು.

ಅವಧಿಗೂ ಮಿತಿಯಿದೆ. ಮಾರ್ಚಿಗೆ ಮುಗಿಯುವ ಹಣಕಾಸು ವರ್ಷದಲ್ಲಿ ಕೊಂಡ ಮಾಲಿನ ಕ್ರೆಡಿಟ್ ನೋಟನ್ನು ವ್ಯಾಪಾರಿಯು ಆ ಹಣಕಾಸು ವರ್ಷ ಮುಗಿದ ನಂತರ ಬರುವ ನವೆಂಬರ್ 30ರೊಳಗೆ ಲೆಕ್ಕದಲ್ಲಿ ತೋರಿಸಬೇಕು. ವಾರ್ಷಿಕ ಲೆಕ್ಕಪತ್ರವನ್ನು ಅದಕ್ಕೂ ಮೊದಲೇ ಸಲ್ಲಿಸಿದರೆ ಅಲ್ಲಿಗೇ ಅವಧಿ ಮುಗಿಯಿತು. ಆ ಮೇಲೆ ತೆರಿಗೆ ಇಳಿಸಿಕೊಳ್ಳಲು ಅವರಿಗೆ ದಾರಿಯಿಲ್ಲ. ಆದಕಾರಣ ನಿಮಗೂ ತೆರಿಗೆ ಸಿಗುವುದು ಕಷ್ಟ. ಬಿಸಿಲಿನಲ್ಲಿ ಬಿದ್ದ ಪೈಪು ಬಣ್ಣಗೆಟ್ಟು ಪೆಡಸಾಗುವುದರಿಂದಲೂ ತಡಮಾಡುವುದು ಒಳ್ಳೆಯದಲ್ಲ.

ಮಾಲು ಒಯ್ಯುವಾಗ ಮೂಲ ಬಿಲ್ಲನ್ನು ಜೊತೆಗಿರಿಸಿಕೊಳ್ಳಿರಿ. ಹಣ ಪಡೆಯುವಾಗ ಕ್ರೆಡಿಟ್ ನೋಟಿನ ಒಂದು ಪ್ರತಿ ಕೇಳಿ, ಅದರಲ್ಲಿ ಮೂಲ ಬಿಲ್ಲಿನ ಸಂಖ್ಯೆ, ಹಿಂದಿರುಗಿಸಿದ ಮಾಲಿನ ಬೆಲೆ ಮತ್ತು ತೆರಿಗೆ ಬೇರೆ ಬೇರೆಯಾಗಿ ನಮೂದಾಗಿವೆಯೇ ಎಂದು ನೋಡಿರಿ. ಮೇಲಿನ ಉದಾಹರಣೆಯಲ್ಲಿ ಬೆಲೆ ರೂ. 5,130, ತೆರಿಗೆ ರೂ. 923.40 ಎಂದಿದ್ದರೆ ಲೆಕ್ಕ ಸರಿಯಾಗಿದೆ.