ಕೈಯಲ್ಲಿದೆ, ಸರದಿಯಲ್ಲಿದೆ, ತಲೆಯಲ್ಲಿದೆ

2024ರ ದೀಪಾವಳಿ ಮುಗಿದ ಮಾರನೆಯ ದಿನ ರಾಣೆಬೆನ್ನೂರಿನ ಕಿರಾಣಿ ಅಂಗಡಿಯ ಯಜಮಾನರೊಬ್ಬರು ಫೋನ್ ಮಾಡಿದರು. "ದೀಪಾವಳಿಗೆ ಕನ್ನಡ ಬಿಲ್ ಬರ್ತೈತಿ ಅಂದಿದ್ರಲ್ರೀ, ಯಾವ ವರ್ಷದ ದೀಪಾವಳಿ ಅಂತ ಹೇಳಲಿಲ್ಲ ನೋಡ್ರಿ." ನಕ್ಕೇ ಹೇಳಿದರು. ಆದರೆ ನಮ್ಮ ಮಾತು ನಂಬಿ ಅವರು ಹೊಸ ಬಿಲ್ ಬುಕ್ ಛಾಪಿಸಿರಲಿಲ್ಲ. ಹಬ್ಬದ ವ್ಯಾಪಾರವನ್ನೆಲ್ಲ ಬಿಳಿ ಚೀಟಿಯ ಮೇಲೆ ಬರೆದುಕೊಟ್ಟು ಮುಗಿಸಿದ್ದರು.

ನಾನಾಗ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿದ್ದೆ. ಆ್ಯಪಿನಲ್ಲಿ ಮುಂದೆ ಏನೇನು ಬರಲಿದೆ ಎಂದು ಗ್ರಾಹಕರಿಗೆ ತಿಳಿಸುವ ಪಟ್ಟಿ ಬರೆಯುವುದು ನನ್ನ ಕೆಲಸ. ಕಂಪನಿಗಳ ಭಾಷೆಯಲ್ಲಿ ಇದಕ್ಕೆ ರೋಡ್‌ಮ್ಯಾಪ್ ಎನ್ನುತ್ತಾರೆ. "ದೀಪಾವಳಿಗೆ ಕನ್ನಡ ಬಿಲ್" ಎಂಬ ಸಾಲು ಬರೆದವನೂ ನಾನೇ. ಪ್ರೋಗ್ರಾಮರ್ ಹುಡುಗ ಮೂರು ವಾರ ಸಾಕು ಎಂದಿದ್ದ, ನಾನು ಮೇಲೆ ಎರಡು ತಿಂಗಳು ಸೇರಿಸಿಯೇ ಬರೆದಿದ್ದೆ.

ಎಲ್ಲಿ ಎಡವಿದೆವು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಂಗಡಿಯಲ್ಲಿ ಸರ್ರನೆ ಬಿಲ್ ಉಗುಳುವ ಥರ್ಮಲ್ ಪ್ರಿಂಟರಿನೊಳಗೆ ಇಂಗ್ಲಿಷ್ ಅಕ್ಷರಗಳು ಮೊದಲೇ ಇರುತ್ತವೆ. ನಮ್ಮ ಗಿರಾಕಿಗಳ ಬಳಿ ಇದ್ದ ಅಗ್ಗದ ಪ್ರಿಂಟರುಗಳಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ಆ್ಯಪ್ ಇಡೀ ಬಿಲ್ಲನ್ನು ಚಿತ್ರದಂತೆ ಬರೆದು, ಚುಕ್ಕಿ ಚುಕ್ಕಿಯಾಗಿ ಕಳಿಸಬೇಕು. ಅಂಗಡಿಯವರು ಮೂರಿಂಚು ಎನ್ನುವ ಪ್ರಿಂಟರಿನಲ್ಲಿ ಅಡ್ಡಕ್ಕೆ 576 ಚುಕ್ಕಿ ಸಿಗುತ್ತವೆ, ಎರಡಿಂಚಿನದರಲ್ಲಿ 384 ಮಾತ್ರ. ಅಷ್ಟರಲ್ಲೇ ಸಾಮಾನಿನ ಹೆಸರು, ತೂಕ, ದರ, ಮೊತ್ತ ಎಲ್ಲ ಹಿಡಿಸಬೇಕು. ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೆ "ಅಕ್ಕಿ"ಯ ಒತ್ತು ಕೆಳಗಿನ ಸಾಲಿನ "ಬೆಲ್ಲ"ದ ತಲೆಕಟ್ಟಿಗೆ ತಾಗುತ್ತದೆ. ಬಿಡಿಸಿಟ್ಟರೆ ಬಿಲ್ ಮೊಳದುದ್ದವಾಗಿ ಕಾಗದ ದಂಡ. ಜೊತೆಗೆ ಕೆಲವು ಪ್ರಿಂಟರುಗಳು ಇಷ್ಟು ದೊಡ್ಡ ಚಿತ್ರ ನುಂಗಲಾರದೆ ಅರ್ಧಕ್ಕೇ ನಿಂತುಬಿಡುತ್ತಿದ್ದವು. ಇವು ಯಾವುವೂ ಕೆಲಸಕ್ಕೆ ಕೈಹಾಕುವ ಮೊದಲು ನಮಗೆ ಗೊತ್ತಿರಲಿಲ್ಲ. ತಾರೀಖು ಹೇಳುವ ಹೊತ್ತಿಗೆ ಕೆಲಸದ ಬಗ್ಗೆ ತಿಳಿದಿರುವುದು ತೀರಾ ಕಡಿಮೆ. ಮೊದಲ ಹಂತದ ಸಾಫ್ಟ್‌ವೇರ್ ಅಂದಾಜು ನಾಲ್ಕು ಪಟ್ಟು ಆಚೀಚೆ ಆಗಬಹುದು ಎಂಬುದು ಈ ಕ್ಷೇತ್ರದವರ ಹಳೆಯ ಲೆಕ್ಕಾಚಾರ. ನಮ್ಮ ಮೂರು ವಾರ ಐದು ತಿಂಗಳಾಯಿತು.

ದೊಡ್ಡವರೂ ಇದರಿಂದ ಪಾರಾಗಿಲ್ಲ. ಆಪಲ್ ಕಂಪನಿ ಏರ್‌ಪವರ್ ಎಂಬ ಚಾರ್ಜಿಂಗ್ ಹಾಸನ್ನು 2017ರ ಸೆಪ್ಟೆಂಬರಿನಲ್ಲಿ ವೇದಿಕೆಯ ಮೇಲೆ ತೋರಿಸಿ, ಮುಂದಿನ ವರ್ಷ ಬರುತ್ತದೆ ಎಂದಿತ್ತು. 2018 ಕಳೆಯಿತು, ಹಾಸು ಬರಲಿಲ್ಲ. 2019ರ ಮಾರ್ಚಿನಲ್ಲಿ, ನಮ್ಮ ಗುಣಮಟ್ಟಕ್ಕೆ ಅದು ಏರಲಿಲ್ಲ ಎಂದು ಹೇಳಿ ಕೈಬಿಟ್ಟಿತು.

ಹಾಗೆಂದು ಏನನ್ನೂ ಹೇಳದೆ ಕೂರುವಂತಿಲ್ಲ. ಗಿರಾಕಿಗೆ ತನ್ನ ಕಷ್ಟ ಯಾರಾದರೂ ಕೇಳಿಸಿಕೊಂಡಿದ್ದಾರೆಯೇ ಎಂದು ತಿಳಿಯಬೇಕು. ಈ ಇಕ್ಕಟ್ಟಿಗೆ ಒಂದು ದಾರಿ ತೋರಿಸಿದವರು ಜಾನಾ ಬ್ಯಾಸ್ಟೋ. ಬ್ರಿಟನ್ನಿನ ಪ್ರಾಡ್‌ಪ್ಯಾಡ್ ಎಂಬ ಸಾಫ್ಟ್‌ವೇರ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರು. ರೋಡ್‌ಮ್ಯಾಪಿನ ತಿಂಗಳುಗಳ ಗೆರೆಯನ್ನೇ ಅಳಿಸಿ, ಅದರ ಜಾಗದಲ್ಲಿ ಮೂರು ಕಂಬಸಾಲು ಇಟ್ಟರು: ನೌ, ನೆಕ್ಸ್ಟ್, ಲೇಟರ್. ಸಾಲು ದೂರವಾದಷ್ಟೂ ಮಾತು ಮಸುಕಾಗುತ್ತದೆ, ಮಸುಕಾಗಬೇಕು ಕೂಡ. ಹತ್ತಿರದ್ದು ಸ್ಪಷ್ಟ, ದೂರದ್ದು ಅಂದಾಜು ಎಂದು ಹಲಗೆಯ ಆಕಾರವೇ ಹೇಳಿಬಿಡುತ್ತದೆ.

ದೀಪಾವಳಿಯ ಅವಮಾನದ ನಂತರ ನಾವೂ ಇದಕ್ಕೇ ಬಂದೆವು. ಆದರೆ ಮೊದಲ ದಿನವೇ ಕನ್ನಡ ಕೈಕೊಟ್ಟಿತು. ನಾನು ಹುರುಪಿನಲ್ಲಿ "ಈಗ, ಮುಂದೆ, ಆಮೇಲೆ" ಎಂದು ಬರೆದೆ. ಹಾವೇರಿಯ ಒಬ್ಬರು ಕೇಳಿದರು, "ಆಮೇಲೆ ಅಂದ್ರ ಸಂಜಿಗೇನ್ರಿ?" ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮಲ್ಲಿ "ಆಮೇಲೆ ಕೊಡ್ತೀನಿ" ಎಂದರೆ ಊಟ ಮುಗಿಸಿ ಕೊಡುತ್ತೇನೆ ಎಂದರ್ಥ. "ಮುಂದೆ ನೋಡೋಣ" ಎಂದರೆ ಆಸೆ ಬಿಡಿ ಎಂದರ್ಥ. ಎಂದರೆ ನನ್ನ ಎರಡನೆಯ ಸಾಲು ಮೂರನೆಯದಕ್ಕಿಂತ ದೂರ ಹೋಗಿ ಕೂತಿತ್ತು! "ಈಗ" ಎಂಬುದೂ ನಂಬಿಕಸ್ಥ ಅಲ್ಲ. ಹೋಟೆಲಿನಲ್ಲಿ "ಬಂದೆ ಸಾರ್, ಈಗ ಬಂದೆ" ಎಂದ ಹುಡುಗ ಬರುವುದು ಪಕ್ಕದ ಮೇಜಿನವರ ಕಾಫಿ ಮುಗಿದ ಮೇಲೆ.

ಕೊನೆಗೆ ಆಫೀಸಿನಲ್ಲಿ ನಾವು ದಿನಾ ಆಡುವ ಮಾತನ್ನೇ ಹಲಗೆಗೆ ಹಾಕಿದೆವು: ಕೈಯಲ್ಲಿದೆ, ಸರದಿಯಲ್ಲಿದೆ, ತಲೆಯಲ್ಲಿದೆ. ಈ ಮೂರೂ ಕಾಲವನ್ನು ಹೇಳುವುದಿಲ್ಲ, ಕೆಲಸ ಎಲ್ಲಿ ನಿಂತಿದೆ ಎಂದು ಹೇಳುತ್ತವೆ. ಕೈಯಲ್ಲಿದೆ ಎಂದರೆ ಇವತ್ತು ಯಾರೋ ಒಬ್ಬರು ಅದರ ಮೇಲೆ ಕೂತಿದ್ದಾರೆ. ಸರದಿಯಲ್ಲಿದೆ ಎಂದರೆ ಮಾಡುವುದೆಂದು ತೀರ್ಮಾನವಾಗಿದೆ, ಹೇಗೆ ಎಂಬುದು ಆಗಿಲ್ಲ. ತಲೆಯಲ್ಲಿದೆ ಎಂದರೆ ಕಷ್ಟ ಅರ್ಥವಾಗಿದೆ, ಮಾಡುತ್ತೇವೋ ಇಲ್ಲವೋ ಗೊತ್ತಿಲ್ಲ.

ಕಂಬಸಾಲಿನ ಹೆಸರಿಗಿಂತ ಕಷ್ಟವಾದದ್ದು ಕ್ರಿಯಾಪದ. "ಕನ್ನಡ ಬಿಲ್ ಕೊಡುತ್ತೇವೆ" ಎಂದು ಬರೆದರೆ ಈಗಾಗಲೇ ಕೊಡುತ್ತಿದ್ದೇವೆ ಎಂದೂ ಓದಬಹುದು, ಮುಂದೆ ಕೊಟ್ಟೇ ಕೊಡುತ್ತೇವೆ ಎಂದೂ ಓದಬಹುದು. ಕನ್ನಡದಲ್ಲಿ ವರ್ತಮಾನಕ್ಕೂ ಭವಿಷ್ಯಕ್ಕೂ ಬಳಕೆಯಲ್ಲಿರುವುದು ಒಂದೇ ರೂಪ. ಆದ್ದರಿಂದ ಮೊದಲ ಸಾಲಿಗೆ "ಮಾಡುತ್ತಿದ್ದೇವೆ", ಎರಡನೆಯದಕ್ಕೆ "ಮಾಡಬೇಕೆಂದಿದ್ದೇವೆ", ಮೂರನೆಯದಕ್ಕೆ "ಯೋಚಿಸುತ್ತಿದ್ದೇವೆ" ಎಂದು ಕಟ್ಟು ಹಾಕಿಕೊಂಡೆವು. "ಶೀಘ್ರದಲ್ಲೇ" ಎಂಬ ಪದಕ್ಕೆ ಬಹಿಷ್ಕಾರ. ಹಬ್ಬದ ಹೆಸರಿಗೂ ಬಹಿಷ್ಕಾರ, ಏಕೆಂದರೆ ಹಬ್ಬವೆಂದರೆ ಎಣ್ಣೆಸ್ನಾನ ಮಾಡಿದ ತಾರೀಖು.

ಕನ್ನಡ ಬಿಲ್ಲಿನ ಕಾರ್ಡು ಹೊಸದಾಗಿ ಹೀಗೆ ಬಂತು: "ಬಿಲ್ಲಿನಲ್ಲಿ ಏನಿದೆ ಎಂದು ಓದಲು ಹಲವು ಗಿರಾಕಿಗಳಿಗೆ ಆಗುತ್ತಿಲ್ಲ. ಕನ್ನಡದಲ್ಲಿ ಮುದ್ರಿಸುವ ಕೆಲಸ ಮಾಡುತ್ತಿದ್ದೇವೆ. ಮೂರಿಂಚಿನ ಪ್ರಿಂಟರಿನಲ್ಲಿ ಅಕ್ಷರ ಸರಿ ಬರುತ್ತಿದೆ. ಎರಡಿಂಚಿನದರಲ್ಲಿ ಒತ್ತಕ್ಷರ ಮುಂದಿನ ಸಾಲಿಗೆ ತಾಗುತ್ತಿದೆ." ತಾರೀಖಿಲ್ಲ. ಆದರೂ ರಾಣೆಬೆನ್ನೂರಿನ ಯಜಮಾನರಿಗೆ ಬೇಕಾದ ತೀರ್ಮಾನ ಇದರಲ್ಲಿತ್ತು. ಅವರದು ಎರಡಿಂಚಿನ ಪ್ರಿಂಟರು, ಆದ್ದರಿಂದ ಬಿಲ್ ಬುಕ್ ಛಾಪಿಸಿಕೊಂಡರು. ಕಾರ್ಡು ಸೌಲಭ್ಯದ ಹೆಸರಿನಿಂದ ಶುರುವಾಗದೆ ಕಷ್ಟದಿಂದ ಶುರುವಾಗಿರುವುದನ್ನೂ ಗಮನಿಸಿ. ಸರದಿಯಲ್ಲಿದ್ದ ಇನ್ನೊಂದು ಕಾರ್ಡಿನಲ್ಲಿ "ವಾಟ್ಸಾಪಿನಲ್ಲಿ ಉದ್ರಿ ನೆನಪೋಲೆ" ಎಂದು ಬರೆದಿದ್ದರೆ ವಾಟ್ಸಾಪಿಗೇ ಸಿಕ್ಕಿಬೀಳುತ್ತಿದ್ದೆವು. "ಉದ್ರಿ ಬಾಕಿ ಕೇಳುವುದು ಮುಜುಗರ ಎನ್ನುತ್ತೀರಿ. ನೆನಪಿಸುವ ಕೆಲಸವನ್ನು ಆ್ಯಪ್ ಮಾಡುವಂತೆ ಮಾಡಬೇಕೆಂದಿದ್ದೇವೆ" ಎಂದದ್ದರಿಂದ, ನಂತರ ಎಸ್ಸೆಮ್ಮೆಸ್ ಆರಿಸಿಕೊಂಡಾಗ ಯಾರಿಗೂ ಮಾತು ತಪ್ಪಿದಂತೆ ಅನಿಸಲಿಲ್ಲ.

ಹಲಗೆಯ ನೆತ್ತಿಯ ಮೇಲೆ ಎದ್ದು ಕಾಣುವಂತೆ ಒಂದು ಸಾಲು ಇತ್ತು: "ಇದು ಬದಲಾಗುತ್ತದೆ. ಇವತ್ತು ಇರುವುದನ್ನು ನೋಡಿ ಹಣ ಕೊಡಿ, ಇಲ್ಲಿ ಬರೆದದ್ದನ್ನು ನೋಡಿ ಅಲ್ಲ." ಇಂಥ ಸಾಲು ಎಷ್ಟೋ ಕಂಪನಿಗಳಲ್ಲಿ ಇರುವೆಯ ಗಾತ್ರದಲ್ಲಿ ತಳದಲ್ಲಿ ಇರುತ್ತದೆ, ಅದೂ ವಕೀಲರ ಭಾಷೆಯಲ್ಲಿ. ಇದಕ್ಕೆ ಲೆಕ್ಕಪತ್ರದ ಕಾರಣವೂ ಇದೆ. ಭಾರತದ ದೊಡ್ಡ ಕಂಪನಿಗಳಿಗೆ 2018ರ ಏಪ್ರಿಲಿನಿಂದ ಅನ್ವಯಿಸುವ ಇಂಡ್ ಎಎಸ್ 115 ಎಂಬ ಮಾನದಂಡದ ಪ್ರಕಾರ, ಮಾರುವವರ ಹೇಳಿಕೆಯಿಂದ ಗ್ರಾಹಕನಿಗೆ ನ್ಯಾಯವಾದ ನಿರೀಕ್ಷೆ ಹುಟ್ಟಿದರೆ ಅದೂ ಒಪ್ಪಂದದ ಭಾಗವಾಗಬಹುದು. ಆಗ ಬಂದ ಹಣದಲ್ಲಿ ಒಂದು ಪಾಲನ್ನು, ಹೇಳಿದ್ದನ್ನು ಕೊಡುವವರೆಗೆ ಆದಾಯವೆಂದು ತೋರಿಸುವಂತಿಲ್ಲ. ಆದರೆ ಎಷ್ಟು ಎಚ್ಚರಿಕೆ ಬರೆದರೂ, ಸೇಲ್ಸ್ ಹುಡುಗ ಕೊಟೇಶನ್ನಿನ ಅಂಚಿನಲ್ಲಿ ಪೆನ್ನಿನಿಂದ "ಮಾರ್ಚ್ ಒಳಗೆ" ಎಂದು ಗೀಚಿದರೆ ಮುಗಿಯಿತು. ಗಿರಾಕಿಯ ಫೈಲಿನಲ್ಲಿ ಉಳಿಯುವುದು ಆ ಗೀಚು.

ಈ ಮೂರು ಸಾಲು ಮೋಸಕ್ಕೂ ಒದಗುತ್ತದೆ. ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದು ದೆವ್ವವನ್ನು ದಿನಾ ವಾಪಸು ಕಳಿಸಿದ ನಾಡು ನಮ್ಮದು. ತಲೆಯಲ್ಲಿದೆ ಎಂಬ ಸಾಲು ಬಹಳ ಬೇಗ ಆ ಬಾಗಿಲಾಗುತ್ತದೆ. ಕಂಡುಹಿಡಿಯುವುದು ಸುಲಭ. ಮೂರನೆಯ ಸಾಲಿನಿಂದ ಒಂದು ಕಾರ್ಡೂ ಎಂದೂ ಅಳಿಸಿಲ್ಲ ಎಂದರೆ ಅಲ್ಲಿ ಯಾರೂ ಯೋಚಿಸುತ್ತಿಲ್ಲ. ನಾಲ್ಕು ಜನರಿರುವ ಕಂಪನಿಯ ಮೊದಲ ಸಾಲಿನಲ್ಲಿ ಹದಿನಾಲ್ಕು ಕಾರ್ಡು ಇದ್ದರೆ ಹತ್ತು ಯಾರ ಕೈಯಲ್ಲೂ ಇಲ್ಲ. ನಾವು ತೂಕದ ಯಂತ್ರವನ್ನು ಬಿಲ್ಲಿಗೆ ಜೋಡಿಸುವ ಕಾರ್ಡನ್ನು ತೆಗೆದಾಗ, "ಕೈಬಿಟ್ಟಿದ್ದೇವೆ. ಒಂದೊಂದು ಯಂತ್ರಕ್ಕೂ ಬೇರೆ ಬೇರೆ ಜೋಡಣೆ ಬೇಕು, ನಾಲ್ಕು ಜನರಿಂದ ಆಗದು" ಎಂದು ಬರೆದು ಒಂದು ತಿಂಗಳು ಅಲ್ಲೇ ಬಿಟ್ಟೆವು. ಇಬ್ಬರು ಗಿರಾಕಿಗಳು ಬೇರೆ ಆ್ಯಪಿಗೆ ಹೋದರು. ಹೋಗಬೇಕಾದವರೇ, ಅವರಿಗೆ ತೂಕದ ಯಂತ್ರವೇ ಮುಖ್ಯ.

ತಾರೀಖು ಬೇಕೇ ಬೇಕಾದ ಜಾಗಗಳೂ ಇವೆ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ದರ ಬದಲಾವಣೆ ಘೋಷಣೆಯಾಗಿ 22ರಿಂದ ಜಾರಿ ಎಂದಾಯಿತು. ಆಗ ಅಂಗಡಿಯವರಿಗೆ "ಸರದಿಯಲ್ಲಿದೆ" ಎಂದು ಹೇಳಲಾದೀತೆ? ಹಲಗೆಯಿಂದ ಹೊರಗೆ, ದೊಡ್ಡ ಅಕ್ಷರದಲ್ಲಿ, ಇಪ್ಪತ್ತೆರಡಕ್ಕೆ ಮುಂಚೆ ಹೊಸ ದರ ಆ್ಯಪಿನಲ್ಲಿ ಇರುತ್ತದೆ ಎಂದು ಬರೆದು, ಮಿಕ್ಕ ಕೆಲಸ ನಿಲ್ಲಿಸಿ ಅದನ್ನೇ ಮಾಡಿದೆವು. ಹಳೆಯ ಆವೃತ್ತಿ ನಿಲ್ಲಿಸುವಾಗ, ಚಂದಾ ಹೆಚ್ಚಿಸುವಾಗಲೂ ಹಾಗೆಯೇ. ಕೊಡುವುದಕ್ಕೆ ತಾರೀಖು ಇಲ್ಲದಿದ್ದರೂ ನಡೆದೀತು, ಕಿತ್ತುಕೊಳ್ಳುವುದಕ್ಕೆ ಇರಲೇಬೇಕು.

"ಅಂದಾಜಾದರೂ ಹೇಳ್ರಿ" ಎಂದು ಫೋನಿನಲ್ಲಿ ಈಗಲೂ ಕೇಳುತ್ತಾರೆ. ಅಂದಾಜು ಹೇಳಿದರೆ ಅದೇ ತಾರೀಖಾಗುತ್ತದೆ ಎಂದು ಕಲಿತಿದ್ದೇನೆ. ಅದಕ್ಕೇ, "ಯಾವ ಕೆಲಸಕ್ಕೆ ಬೇಕಿತ್ತು ಯಜಮಾನ್ರೆ, ಅದು ಇಲ್ಲದಿದ್ರೆ ಏನು ನಿಲ್ಲುತ್ತೆ?" ಎಂದು ತಿರುಗಿ ಕೇಳುತ್ತೇನೆ. ಹೆಚ್ಚಿನ ಸಲ ಅವರಿಗೆ ಬೇಕಾದದ್ದು, ಈಗ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕೋ ಬೇಡವೋ ಎಂಬ ಉತ್ತರ. ಅದನ್ನು ಹೇಳಬಲ್ಲೆ.

ಕನ್ನಡ ಬಿಲ್ ಮೂರಿಂಚಿನ ಪ್ರಿಂಟರಿಗೆ ಬರುವ ಹೊತ್ತಿಗೆ 2025ರ ಯುಗಾದಿ ಹತ್ತಿರ ಬಂದಿತ್ತು. ರಾಣೆಬೆನ್ನೂರಿನ ಯಜಮಾನರು ಕಾಯದೆ ಹೊಸ ಪ್ರಿಂಟರು ತಗೊಂಡರು. ಎರಡಿಂಚಿನ ಕಾರ್ಡು ಇನ್ನೂ ಕೈಯಲ್ಲೇ ಇದೆ. ಕಳೆದ ವಾರ ಅದರ ಕೆಳಗೆ ಸೇರಿಸಿದ ಸಾಲು: "ಅಕ್ಕಿ ಸರಿಯಾಯಿತು, ಎಣ್ಣೆ ಇನ್ನೂ ತಾಗುತ್ತಿದೆ."