ಪ್ರೆಸ್ ಮುಂದೆ ನಿಂತವನ ಕಣ್ಣಿಗೆ ಎಷ್ಟು ಓದಲು ಬಿಡುವಿದೆ?

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಐಟಿಐ ಹುಡುಗನಿಗೆ ಹೈಡ್ರಾಲಿಕ್ ಪ್ರೆಸ್ ಪರಿಚಯವಾಗುವುದು ಕೆಲವೊಮ್ಮೆ ಒಂದು ವಿಡಿಯೊ ಮೂಲಕ. ಯಂತ್ರ ತಯಾರಿಸಿದವರು ಕೊಟ್ಟ ವಿಡಿಯೊ, ಇಂಗ್ಲಿಷ್ ನಿರೂಪಣೆ, ಕೆಳಗೆ ಕನ್ನಡ ಸಬ್‌ಟೈಟಲ್. ಸಿನಿಮಾದಲ್ಲಿ ಒಂದು ಸಾಲು ತಪ್ಪಿಹೋದರೆ ಮುಂದಿನ ದೃಶ್ಯದಲ್ಲಿ ಕಥೆ ಹೇಗೋ ಸಿಕ್ಕಿಬಿಡುತ್ತದೆ. ಇಲ್ಲಿ ಹಾಗಲ್ಲ. ಅವನು ಓದುತ್ತಿರುವಾಗಲೇ ಪರದೆಯ ಮೇಲೆ ಆಪರೇಟರ್ ಒಂದು ಲಿವರ್ ಎಳೆದು ಮುಗಿಸಿರುತ್ತಾನೆ. ಬರಹ ನೋಡಿದರೆ ಕೈ ಕಾಣುವುದಿಲ್ಲ, ಕೈ ನೋಡಿದರೆ ಬರಹ ಹೋಗಿರುತ್ತದೆ. ಹೀಗಾಗಿ ತರಬೇತಿ ವಿಡಿಯೊಗೆ ಸಬ್‌ಟೈಟಲ್ ಬರೆಯುವವನು ಮೊದಲು ಯೋಚಿಸಬೇಕಾದದ್ದು ಆ ಕಣ್ಣಿಗೆ ಎಷ್ಟು ಬಿಡುವಿದೆ ಎಂದು. ಅನುವಾದದ ಮಾತು ಆಮೇಲೆ.

ಇಂಗ್ಲಿಷ್ ಸಬ್‌ಟೈಟಲ್‌ಗೆ ಬಿಬಿಸಿಯಂಥ ಸಂಸ್ಥೆಗಳು ನಿಮಿಷಕ್ಕೆ 160ರಿಂದ 180 ಪದಗಳ ಲೆಕ್ಕ ಇಟ್ಟುಕೊಂಡಿವೆ. ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಮೂರು ಪದ. ಕನ್ನಡಕ್ಕೆ ಇದನ್ನು ಹಾಗೇ ಹಾಕಿದರೆ ಓದುಗ ಹಿಂದೆ ಬೀಳುತ್ತಾನೆ. ನಮ್ಮ ವಿಭಕ್ತಿ, ಕ್ರಿಯಾಪದದ ಕೊನೆ ಎಲ್ಲವೂ ಪದಕ್ಕೇ ಅಂಟಿಕೊಳ್ಳುವುದರಿಂದ ಒಂದೊಂದು ಪದವೂ ಉದ್ದ. ಅಕ್ಷರ ಎಣಿಸೋಣವೆಂದರೆ ಅಲ್ಲೂ ತೊಡಕು. ‘ಸ್ಟ್ರೋಕ್’ ಎಂಬುದು ಕಣ್ಣಿಗೆ ಎರಡೇ ಅಕ್ಷರ, ಆದರೆ ಕಂಪ್ಯೂಟರ್ ಒತ್ತು, ಗುಣಿತ ಎಲ್ಲವನ್ನೂ ಬಿಡಿಸಿ ಎಂಟು ಎಂದು ಎಣಿಸುತ್ತದೆ. ಇಂಗ್ಲಿಷಿಗಾಗಿ ಮಾಡಿದ ಅಕ್ಷರಮಿತಿ ಇಲ್ಲಿ ದಾರಿ ತಪ್ಪಿಸುತ್ತದೆ. ಆದ್ದರಿಂದ ಇಂಥ ಕೆಲಸದಲ್ಲಿ ನಾನು ಸೆಕೆಂಡಿಗೆ ಎರಡು ಪದ ಎಂಬ ಮಿತಿ ಇಟ್ಟುಕೊಳ್ಳುತ್ತೇನೆ. ಓದಿ ಮುಗಿಸಿ, ಯಂತ್ರದ ಕಡೆ ಒಮ್ಮೆ ಕಣ್ಣು ಹಾಯಿಸಲು ಅಷ್ಟು ಸಮಯ ಬೇಕೇ ಬೇಕು.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಡೈ ಬದಲಾಯಿಸುವ ದೃಶ್ಯ. ನಿರೂಪಕ 9 ಸೆಕೆಂಡಿನಲ್ಲಿ ಹೇಳುವುದನ್ನು ಇದ್ದದ್ದು ಇದ್ದ ಹಾಗೆ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಡೈಗಳ ನಡುವಿನ ಜಾಗಕ್ಕೆ ಕೈ ಹಾಕುವ ಮೊದಲು ರ್ಯಾಮ್‌ನ ಕೆಳಗೆ ಸೇಫ್ಟಿ ಬ್ಲಾಕನ್ನು ಇರಿಸಿರಿ, ಪಂಪನ್ನು ಸ್ಥಗಿತಗೊಳಿಸಿ ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿರಿ, ವ್ಯವಸ್ಥೆಯಲ್ಲಿ ಉಳಿದಿರುವ ಒತ್ತಡವನ್ನು ಬಿಡುಗಡೆ ಮಾಡಿ ಗೇಜ್ ಸೊನ್ನೆ ತೋರಿಸುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿರಿ.’ ಒಟ್ಟು 27 ಪದ. ನಮ್ಮ ಲೆಕ್ಕದಲ್ಲಿ ಹದಿಮೂರೂವರೆ ಸೆಕೆಂಡು ಬೇಕು, ಇರುವುದು ಒಂಬತ್ತು.

ಯಾವುದನ್ನು ಬಿಡಬಹುದು? ಚಿತ್ರ ಆಗಲೇ ತೋರಿಸುತ್ತಿರುವುದನ್ನು. ಡೈಗಳ ನಡುವಿನ ಜಾಗ ಪರದೆ ತುಂಬ ಕಾಣುತ್ತಿದೆ, ಅದನ್ನು ಬರೆಯಬೇಕಿಲ್ಲ. ‘ಸ್ಥಗಿತಗೊಳಿಸಿ’ ಎನ್ನುವಲ್ಲಿ ‘ನಿಲ್ಲಿಸಿ’ ಸಾಕು. ಆದರೆ ಸೇಫ್ಟಿ ಬ್ಲಾಕ್, ಬೀಗ, ಉಳಿದ ಪ್ರೆಷರ್, ಸೊನ್ನೆ ಈ ನಾಲ್ಕರಲ್ಲಿ ಒಂದನ್ನೂ ಕೈಬಿಡುವಂತಿಲ್ಲ, ಅವುಗಳ ಕ್ರಮವನ್ನೂ ಬದಲಿಸುವಂತಿಲ್ಲ. ಪಂಪ್ ನಿಂತ ಮೇಲೂ ಪೈಪು, ಸಿಲಿಂಡರ್‌ಗಳಲ್ಲಿ ಪ್ರೆಷರ್ ಸಿಕ್ಕಿಕೊಂಡಿರಬಹುದು. ಪ್ರೆಷರ್ ಪೂರ್ತಿ ಇಳಿದರೂ ಮೇಲಿರುವ ರ್ಯಾಮ್ ತನ್ನ ತೂಕಕ್ಕೇ ಕೆಳಗೆ ಜಾರಬಹುದು. ಬ್ಲಾಕ್ ಇರುವುದು ಅದನ್ನು ತಡೆಯಲೆಂದೇ. ಇಷ್ಟನ್ನು ಉಳಿಸಿಕೊಂಡು ಬರೆದರೆ ಕಡತದಲ್ಲಿ ಅದು ಹೀಗಿರುತ್ತದೆ:

```
41
00:03:12,000 --> 00:03:16,000
ಕೈ ಹಾಕುವ ಮುನ್ನ
ರ್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಇಡಿ.

42
00:03:16,100 --> 00:03:19,100
ಪಂಪ್ ನಿಲ್ಲಿಸಿ,
ಮೇನ್ ಸ್ವಿಚ್‌ಗೆ ಬೀಗ ಹಾಕಿ.

43
00:03:19,200 --> 00:03:22,200
ಉಳಿದ ಪ್ರೆಷರ್ ಬಿಡಿ.
ಗೇಜ್ ಸೊನ್ನೆಗೆ ಬರಬೇಕು.
```

ಈಗ 20 ಪದ, 10 ಸೆಕೆಂಡು. ಧ್ವನಿ 03:21ಕ್ಕೆ ಮುಗಿದು, ಮುಂದಿನ ಮಾತು 03:23ಕ್ಕೆ ಶುರುವಾಗುತ್ತದೆ ಎಂದುಕೊಳ್ಳಿ. ನಡುವಿನ ಆ ಮೌನದಿಂದ ಒಂದು ಸೆಕೆಂಡು ಚಿಲ್ಲರೆ ಕಡ ತೆಗೆದುಕೊಂಡಿದ್ದೇವೆ. ಮೌನ ಇಲ್ಲದ ಕಡೆ ಹೀಗೆ ಎಳೆಯಬಾರದು. ಎಳೆದರೆ ಮುಂದಿನ ಕೆಲಸ ನಡೆಯುವಾಗ ಹಿಂದಿನ ಸೂಚನೆ ಪರದೆಯ ಮೇಲೆ ಉಳಿದು, ಹುಡುಗ ತಪ್ಪು ಲಿವರಿಗೆ ತಪ್ಪು ಹೆಸರು ಕಲಿಯುತ್ತಾನೆ. ಎರಡು ಬರಹಗಳ ನಡುವೆ ಬಿಟ್ಟಿರುವ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಕೆಲಸವಿದೆ. ಆ ಕ್ಷಣ ಪರದೆ ಖಾಲಿಯಾಗುವುದರಿಂದ ಬರಹ ಬದಲಾಯಿತೆಂದು ಕಣ್ಣಿಗೆ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಅಪಾಯದ ಜಾಗ ಬೇರೆಯೇ ಇದೆ. ಇಂಗ್ಲಿಷಿನ ಎಚ್ಚರಿಕೆಯಲ್ಲಿ ಬೇಡ ಎಂಬ ಮಾತು ವಾಕ್ಯದ ಮೊದಲಿಗೇ ಬರುತ್ತದೆ. ಕನ್ನಡದಲ್ಲಿ ಅದು ಬರುವುದು ಕಟ್ಟಕಡೆಗೆ. ಹೈಡ್ರಾಲಿಕ್ ಪೈಪಿನ ಸೋರಿಕೆಯ ದೃಶ್ಯ ತೆಗೆದುಕೊಳ್ಳಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗಬಲ್ಲದು. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು. ಆ ಎಚ್ಚರಿಕೆಯನ್ನು ಜಾಗ ಸಾಲದೆ ಎರಡು ಪಾಲು ಮಾಡಿದರೆ ಮೊದಲು ಪರದೆಗೆ ಬರುವುದು ‘ಎಣ್ಣೆ ಎಲ್ಲಿ ಸೋರುತ್ತಿದೆ ಎಂದು ಕೈಯಿಂದ ಮುಟ್ಟಿ’. ‘ನೋಡಬೇಡಿ’ ಬರುವುದು ಎರಡು ಮೂರು ಸೆಕೆಂಡು ಕಳೆದ ಮೇಲೆ. ಅಷ್ಟರಲ್ಲಿ ವಿಡಿಯೊದಲ್ಲಿ ಒಂದು ಕೈ ಪೈಪಿನ ಕಡೆ ಚಾಚುತ್ತಿರುತ್ತದೆ. ನೋಡುವವನಿಗೆ ಇದು ಮಾಡಬೇಕಾದ ಕೆಲಸದಂತೆಯೇ ಕಾಣುತ್ತದೆ. ನಿಷೇಧವನ್ನು ಯಾವತ್ತೂ ಎರಡಾಗಿ ಒಡೆಯಬಾರದು. ‘ಸೋರುವ ಪೈಪ್ ಮುಟ್ಟಬೇಡಿ’ ಎಂಬ ಮೂರು ಪದ ಮೊದಲು ಬರಲಿ. ‘ರಟ್ಟು ಹಿಡಿದು ಪರೀಕ್ಷಿಸಿ’ ಎಂಬುದು ಅದರ ನಂತರ.

ಇನ್ನು ಪದಗಳ ವಿಷಯ. ಶಾಪ್ ಫ್ಲೋರಿನಲ್ಲಿ ರ್ಯಾಮ್, ಡೈ, ಗೇಜ್, ರಿಲೀಫ್ ವಾಲ್ವ್ ಎಂದೇ ಕರೆಯುತ್ತಾರೆ, ಯಂತ್ರದ ಮೇಲಿನ ಫಲಕದಲ್ಲೂ ಅವೇ ಹೆಸರು. ನಿಘಂಟಿನಿಂದ ಬೇರೆ ಪದ ತಂದರೆ ಅವನು ಅದನ್ನು ಯಂತ್ರದ ಮೇಲೆ ಎಲ್ಲೂ ಕಾಣಲಾರ. ಒಮ್ಮೆ ಆರಿಸಿದ ಹೆಸರನ್ನು ಕೊನೆಯವರೆಗೂ ಉಳಿಸಿಕೊಳ್ಳಬೇಕು. ಒಂದೇ ಭಾಗವನ್ನು ಒಮ್ಮೆ ರ್ಯಾಮ್, ಇನ್ನೊಮ್ಮೆ ಸ್ಲೈಡ್ ಎಂದರೆ ಎರಡು ಭಾಗಗಳಿವೆ ಎಂದುಕೊಳ್ಳುತ್ತಾನೆ. ಹಾಗೆಯೇ ಎರಡು ಬೇರೆ ವಿಷಯಗಳಿಗೆ ಒಂದೇ ಪದ ಹಾಕುವುದೂ ತಪ್ಪು. ಪ್ರೆಷರ್ ಬೇರೆ, ಟನ್ನೇಜ್ ಬೇರೆ. 250 ಬಾರ್ ಪ್ರೆಷರ್‌ನಲ್ಲಿ 200 ಮಿ.ಮೀ. ಒಳವ್ಯಾಸದ ಸಿಲಿಂಡರ್ ಸುಮಾರು 80 ಟನ್ ಒತ್ತುತ್ತದೆ. ಅದೇ 250 ಬಾರ್‌ನಲ್ಲಿ 100 ಮಿ.ಮೀ. ಸಿಲಿಂಡರ್ ಒತ್ತುವುದು 20 ಟನ್ ಮಾತ್ರ. ಎರಡಕ್ಕೂ ‘ಒತ್ತಡ’ ಎಂದು ಬರೆದುಬಿಟ್ಟರೆ ಗೇಜಿನ ಮುಳ್ಳು ಏನು ಹೇಳುತ್ತಿದೆ ಎಂಬುದೇ ಅವನಿಗೆ ತಿಳಿಯುವುದಿಲ್ಲ.

ಬರೆದು ಮುಗಿಸಿದ ಮೇಲೆ ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ. ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನೆಚಿಹ್ನೆಗಳು ಬರಬಹುದು. ಕೆಳಸಾಲಿನ ಒತ್ತಕ್ಷರಗಳು ಪರದೆಯ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿವೆಯೇ, ಮೇಲ್ಸಾಲಿನ ಒತ್ತು ಕೆಳಸಾಲಿನ ಗುಣಿತಕ್ಕೆ ತಾಗುತ್ತಿದೆಯೇ ಎಂದು ಮೊಬೈಲಿನಲ್ಲೇ ನೋಡಿ. ಬಹಳ ಜನ ವಿಡಿಯೊ ನೋಡುವುದು ಅದರಲ್ಲೇ. ಬರಹ ಗೇಜನ್ನೋ ಕೈಯನ್ನೋ ಮುಚ್ಚುವ ಕಡೆ ಅಷ್ಟನ್ನು ಮಾತ್ರ ಮೇಲಕ್ಕೆ ಸರಿಸಿ.

ಕಾರ್ಖಾನೆ ನಡೆಸುವವರಲ್ಲಿ, ತರಬೇತಿ ಕೊಡುವವರಲ್ಲಿ ನನ್ನದೊಂದು ಕೋರಿಕೆ. ಸಬ್‌ಟೈಟಲ್ ಒಪ್ಪಿಕೊಳ್ಳುವ ಮೊದಲು ಇಂಗ್ಲಿಷ್ ಬಾರದ ಒಬ್ಬ ಹೊಸ ಕೆಲಸಗಾರನನ್ನು ಕೂರಿಸಿ, ಧ್ವನಿ ಪೂರ್ತಿ ಬಂದ್ ಮಾಡಿ, ವಿಡಿಯೊ ಒಂದೇ ಸಲ ತೋರಿಸಿ. ಆಮೇಲೆ ಕೈ ಹಾಕುವ ಮುನ್ನ ಏನೇನು ಮಾಡಬೇಕು ಎಂದು ಕೇಳಿ. ಬ್ಲಾಕ್, ಪಂಪ್, ಬೀಗ, ಪ್ರೆಷರ್, ಗೇಜ್ ಇದೇ ಕ್ರಮದಲ್ಲಿ ಅವನ ಬಾಯಿಂದ ಬಂದರೆ ಒಪ್ಪಿಕೊಳ್ಳಿ. ಬಾರದಿದ್ದರೆ ತಿದ್ದಬೇಕಾದದ್ದು ಬರಹವನ್ನು, ಅವನನ್ನಲ್ಲ.