ಕಡಲಾಚೆಯ ದೇಗುಲಗಳು: ಒಂದು ಅಧ್ಯಯನಕ್ರಮದ ಪರಿಚಯ

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಹೊರವಲಯದಲ್ಲಿ, ಪೆನ್ ಹಿಲ್ಸ್ ಎಂಬ ಗುಡ್ಡಗಾಡಿನ ನೆತ್ತಿಯ ಮೇಲೆ, ತಿರುಮಲೆಯ ದೇವಸ್ಥಾನದ ನೆರವಿನಿಂದ ಶ್ರೀ ವೇಂಕಟೇಶ್ವರನ ಆಲಯವೊಂದು 1977ರಲ್ಲಿ ಪ್ರತಿಷ್ಠಿತವಾಯಿತು. ಅದೇ ವರ್ಷದ ಜುಲೈ 4ರಂದು, ಅಂದರೆ ಆ ದೇಶದ ಸ್ವಾತಂತ್ರ್ಯೋತ್ಸವದ ರಜೆಯ ದಿನವೇ, ನ್ಯೂಯಾರ್ಕಿನ ಫ್ಲಶಿಂಗ್ ಬಡಾವಣೆಯಲ್ಲಿ ಮಹಾಗಣಪತಿಯ ಆಲಯವೊಂದಕ್ಕೆ ಕುಂಭಾಭಿಷೇಕ ನಡೆಯಿತು. 1965ರ ವಲಸೆಯ ಕಾನೂನು ಬಾಗಿಲು ತೆರೆದ ಮೇಲೆ ಅಲ್ಲಿಗೆ ಹೋಗಿ ನೆಲೆಸಿದವರಲ್ಲಿ ವೈದ್ಯರಿದ್ದರು, ಎಂಜಿನಿಯರುಗಳಿದ್ದರು, ಅಧ್ಯಾಪಕರಿದ್ದರು; ಆಗಮವನ್ನು ಓದಿದ ಅರ್ಚಕರು ಮಾತ್ರ ವಿರಳವಾಗಿದ್ದರು. ಹೀಗೆ ಪೂಜಿಸುವವರಿಗಿಂತ ಮೊದಲು ಪೂಜೆ ಮಾಡಿಸುವವರು ಹೋಗಿ ಸೇರಿದ ನಾಡಿನಲ್ಲಿ ಆಚಾರವೂ ಭಾಷೆಯೂ ಮುಖಂಡತ್ವವೂ ಯಾವ ರೂಪ ತಾಳಿದುವೆಂಬುದನ್ನು ಅರಿಯುವ ವಿದ್ಯೆಗೆ ಕುಲಶಾಸ್ತ್ರೀಯ ಅಧ್ಯಯನವೆಂದು ಹೆಸರು. ಆ ವಿದ್ಯೆಯ ಫಲವಾಗಿ ಹೊರಬರುವ ಪ್ರಬಂಧವನ್ನು ಕಟ್ಟುವ ಬಗೆ ನಮ್ಮ ಸಾಮಾನ್ಯ ವಾಚಕರಿಗೂ ತಿಳಿದಿರತಕ್ಕದ್ದೆಂದು ಭಾವಿಸಿ ಈ ಪರಿಚಯವನ್ನು ಬರೆಯುತ್ತಿದ್ದೇನೆ.

ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು ಗ್ರಂಥದೃಷ್ಟಿ, ಕ್ಷೇತ್ರದೃಷ್ಟಿ ಎಂದು ಎರಡು ನೋಟಗಳನ್ನು ವಿಂಗಡಿಸಿದ್ದರು; ಶಾಸ್ತ್ರಗ್ರಂಥಗಳು ಸಮಾಜವು ಹೇಗಿದೆಯೆಂದು ಹೇಳುತ್ತವೆಯೋ ಅದು ಮೊದಲನೆಯದು, ಊರೊಳಗೆ ಕುಳಿತು ಕಂಡದ್ದು ಎರಡನೆಯದು. ದೇಶಾಂತರದ ದೇಗುಲವನ್ನು ಅಭ್ಯಸಿಸುವವನಿಗೆ ಗ್ರಂಥದ ಸ್ಥಾನದಲ್ಲಿ ಆಡಳಿತ ಮಂಡಲಿಯ ಅಚ್ಚುಕಟ್ಟಾದ ಪುಸ್ತಿಕೆಯೊಂದು ಮೊದಲ ದಿನವೇ ಕೈಸೇರುತ್ತದೆ. ‘ಇಲ್ಲಿ ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯುತ್ತದೆ, ಏನನ್ನೂ ಬದಲಿಸಿಲ್ಲ’ ಎಂಬ ಮಾತು ಅದರಲ್ಲಿ ತಪ್ಪದೆ ಇರುತ್ತದೆ. ಅದನ್ನು ಸುಳ್ಳೆಂದು ತಳ್ಳುವವನೂ ದಿಟವೆಂದು ನಂಬುವವನೂ ಸಮನಾಗಿ ಎಡವುತ್ತಾರೆ. ಏಕೆಂದರೆ ಬದಲಾವಣೆ ಆಗಿದೆಯೆ ಇಲ್ಲವೆ ಎಂಬ ಪ್ರಶ್ನೆ ಅಷ್ಟು ಮುಖ್ಯವಲ್ಲ. ಕಣ್ಣಿಗೆ ಕಂಡ ಪ್ರತಿಯೊಂದು ಬದಲಾವಣೆಗೂ ಕಾರಣ ಯಾವುದು, ಶಾಸ್ತ್ರವೆ, ಸೌಕರ್ಯವೆ, ಆ ದೇಶದ ಕಾನೂನೆ ಎಂಬುದನ್ನು ಬೇರೆಬೇರೆಯಾಗಿ ನಿರ್ಣಯಿಸುವುದರಲ್ಲಿಯೇ ಪ್ರಬಂಧದ ಸತ್ತ್ವವೆಲ್ಲ ಅಡಗಿದೆ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಬೆಂಗಳೂರಿನಲ್ಲಿ ಏಕಾದಶಿಯನ್ನು ಗುರುವಾರ ಆಚರಿಸಿದರೆ ನ್ಯೂಯಾರ್ಕಿನ ಆಲಯದಲ್ಲಿ ಅದನ್ನು ಬುಧವಾರವೇ ಆಚರಿಸಿದ್ದು ಅಭ್ಯಾಸಿಯ ದಿನಚರಿಯಲ್ಲಿ ದಾಖಲಾಯಿತೆಂದು ಇಟ್ಟುಕೊಳ್ಳಿ. ಅವಸರದ ಬುದ್ಧಿ ‘ಇವರು ತಮ್ಮ ಅನುಕೂಲಕ್ಕೆ ತಿಥಿಯನ್ನೇ ಹಿಂದಕ್ಕೆಳೆದರು’ ಎಂದು ಬರೆದುಬಿಡುತ್ತದೆ. ಆದರೆ ತಿಥಿಯೆಂಬುದು ಸೂರ್ಯಚಂದ್ರರ ಅಂತರದಿಂದ ಹುಟ್ಟುವುದಾದುದರಿಂದ ಅದು ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ ಮುಗಿಯುತ್ತದೆ. ಊರೂರಿಗೆ ಬೇರೆಯಾಗುವುದು ಸೂರ್ಯೋದಯ ಮಾತ್ರ. ಏಕಾದಶಿಯು ಭಾರತದ ಗಡಿಯಾರದಲ್ಲಿ ಗುರುವಾರ ಬೆಳಗ್ಗೆ 8 ಗಂಟೆಗೆ ಮುಗಿಯುವುದಾದರೆ, ಆ ದಿನದ ಉದಯಕಾಲಕ್ಕೆ ಏಕಾದಶಿಯೇ ಇರುವುದರಿಂದ ಬೆಂಗಳೂರಿಗೆ ಗುರುವಾರವೇ ಉಪವಾಸ. ಅದೇ ಕ್ಷಣವು ಬೇಸಗೆಯ ನ್ಯೂಯಾರ್ಕಿಗೆ ಬುಧವಾರ ರಾತ್ರಿ ಹತ್ತೂವರೆ. ಅಲ್ಲಿ ಗುರುವಾರ ಸೂರ್ಯ ಹುಟ್ಟುವ ಹೊತ್ತಿಗೆ ದ್ವಾದಶಿ ಬಂದಾಗಿರುತ್ತದೆ, ಬುಧವಾರದ ಉದಯಕ್ಕೋ ಏಕಾದಶಿ ನಡೆಯುತ್ತಲಿರುತ್ತದೆ. ಆದುದರಿಂದ ಬುಧವಾರ ಉಪವಾಸವಿದ್ದವರು ನಿಯಮವನ್ನು ಸಡಿಲಿಸಿದವರಲ್ಲ, ಅಕ್ಷರಶಃ ಪಾಲಿಸಿದವರು. ಊರಿನಿಂದ ತರಿಸಿಕೊಂಡ ಪಂಚಾಂಗವನ್ನು ಹಾಗೆಯೇ ಗೋಡೆಗೆ ತೂಗುಹಾಕಿ ಗುರುವಾರ ಉಪವಾಸ ಮಾಡಿದವರೇ ಅರಿಯದೆ ನಿಯಮ ಮೀರಿದವರು.

ಇದರ ಪಕ್ಕದಲ್ಲಿ ಗಣೇಶ ಚತುರ್ಥಿಯನ್ನು ಇಟ್ಟು ನೋಡಿದರೆ ಚಿತ್ರ ತಲೆಕೆಳಗಾಗುತ್ತದೆ. ಚತುರ್ಥಿಯು ವಾರದ ನಡುವೆ ಬಂದರೆ ಗರ್ಭಗುಡಿಯ ಪೂಜೆಯನ್ನು ಅರ್ಚಕರು ಅಂದೇ ಬೆಳಗ್ಗೆ ಹತ್ತಾರು ಜನರೆದುರಿಗೆ ಮುಗಿಸುತ್ತಾರೆ. ಮಕ್ಕಳ ಹಾಡು, ಸಾಮೂಹಿಕ ಭೋಜನ, ಮೆರವಣಿಗೆ, ವಿಸರ್ಜನೆ ಇವೆಲ್ಲ ಮುಂಬರುವ ಶನಿವಾರಕ್ಕೆ ಸರಿಯುತ್ತವೆ. ಇಲ್ಲಿ ಶಾಸ್ತ್ರದ ಬಲವಿಲ್ಲ, ರಜೆಯ ಬಲವಿದೆ. ವಿದ್ವಾಂಸೆ ವಸುಧಾ ನಾರಾಯಣನ್ ಅವರು ಪಿಟ್ಸ್‌ಬರ್ಗಿನ ಆಲಯವನ್ನು ಕುರಿತು ಬರೆದಾಗ ಗುರುತಿಸಿದ್ದೂ ಇದನ್ನೇ: ದೇವರ ಪಂಚಾಂಗವು ಅನುಮತಿಸುವಷ್ಟರ ಮಟ್ಟಿಗೆ ಅಮೆರಿಕದ ರಜಾದಿನಗಳಿಗೆ ಉತ್ಸವಗಳು ಹೊಂದಿಕೊಳ್ಳುತ್ತವೆ. ದೇವರಿಗೆ ಒಂದು ದಿನ, ಜನರಿಗೆ ಇನ್ನೊಂದು ದಿನ ಎಂಬ ಈ ಒಡಂಬಡಿಕೆಯನ್ನು ಕಾಣುವುದು ಭಾನುವಾರಗಳಲ್ಲಿ ಮಾತ್ರ ಹೋಗಿ ಬರುವವನಿಗೆ ಸಾಧ್ಯವಿಲ್ಲ. ಅರ್ಚಕನೊಬ್ಬನೇ ದೀಪ ಹಚ್ಚಿ ಸುಪ್ರಭಾತ ಹೇಳುವ ಮಂಗಳವಾರದ ಮುಂಜಾನೆಯಲ್ಲಿಯೂ ಅಭ್ಯಾಸಿ ಅಲ್ಲಿರಬೇಕು; ಕಂಡದ್ದನ್ನು ಅಂದಿನ ರಾತ್ರಿಯೇ, ನಿದ್ರೆ ನೆನಪನ್ನು ತಿದ್ದುವ ಮೊದಲೇ, ಬರೆದಿಡಬೇಕು; ಹಾಗೆ ಬರೆಯುವಾಗ ತಾನು ಕಂಡದ್ದು, ಇತರರು ಹೇಳಿದ್ದು, ತಾನು ಊಹಿಸಿದ್ದು ಇವು ಒಂದರೊಳಗೊಂದು ಬೆರೆಯದಂತೆ ಬೇರೆಬೇರೆ ಇಡಬೇಕು.

ಸಂಕಲ್ಪದ ವಿಷಯ ಇನ್ನೂ ಸ್ವಾರಸ್ಯವಾದುದು. ನಮ್ಮಲ್ಲಿ ಜಂಬೂದ್ವೀಪ, ಭರತವರ್ಷ, ಭರತಖಂಡ ಎಂದು ಸ್ಥಳವನ್ನು ಹೆಸರಿಸಿ ಪೂಜೆಯನ್ನು ತೊಡಗುತ್ತಾರಷ್ಟೆ. ಅಮೆರಿಕದ ಅನೇಕ ಪುರೋಹಿತರು ಅದನ್ನು ಕ್ರೌಂಚದ್ವೀಪ, ರಮಣಕವರ್ಷ, ಐಂದ್ರಖಂಡ ಎಂದು ಮಾರ್ಪಡಿಸಿಕೊಂಡಿದ್ದಾರೆ. ಪುರೋಹಿತರಿಂದ ಪುರೋಹಿತರಿಗೆ ಪಾಠಭೇದಗಳೂ ಉಂಟು. ಪುರಾಣದ ಭೂಗೋಳದಲ್ಲಿ ತಮಗೊಂದು ಠಾವನ್ನು ಹುಡುಕಿಕೊಳ್ಳುವ ಈ ಪ್ರಯತ್ನ ಪಿಟ್ಸ್‌ಬರ್ಗಿನಲ್ಲಿ ಮತ್ತೊಂದು ಬಗೆಯಲ್ಲಿ ಕಾಣುತ್ತದೆ. ಅಲೆಘೇನಿ, ಮನಾಂಗಹೀಲಾ ಎಂಬ ಎರಡು ನದಿಗಳು ಆ ನಗರದಲ್ಲಿ ಕೂಡಿ ಒಹಾಯೊ ನದಿಯಾಗುತ್ತವೆ; ನೆಲದಡಿಯ ಜಲಪ್ರವಾಹವೊಂದನ್ನೂ ಲೆಕ್ಕಕ್ಕೆ ಹಿಡಿದು, ಗುಪ್ತಗಾಮಿನಿಯಾದ ಸರಸ್ವತಿಯೊಡಗೂಡಿದ ಪ್ರಯಾಗಕ್ಕೆ ಅಲ್ಲಿನ ಭಕ್ತರು ತಮ್ಮ ಊರನ್ನು ಹೋಲಿಸುತ್ತಾರೆ. ಇಂತಹುದನ್ನು ಕೇಳಿ ನಗುವವನು ಈ ಕೆಲಸಕ್ಕೆ ಬರತಕ್ಕವನಲ್ಲ. ನಮ್ಮ ನಾಡಿನ ದಕ್ಷಿಣಕಾಶಿಗಳೆಷ್ಟೆಂಬುದನ್ನು ಅವನು ಒಮ್ಮೆ ಎಣಿಸಿಕೊಳ್ಳಲಿ.

ಭಾಷೆಯ ಮಾತಿಗೆ ಬಂದರೆ, ‘ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ?’ ಎಂದು ಕೇಳಿ ಪಡೆದ ಉತ್ತರಕ್ಕೆ ನಾನು ಅಷ್ಟಾಗಿ ಬೆಲೆ ಕೊಡಲಾರೆ. ತಾಯ್ತಂದೆಗಳು ತಾವು ಆಡುವುದನ್ನಲ್ಲ, ಆಡಬೇಕೆಂದಿರುವುದನ್ನು ಹೇಳುತ್ತಾರೆ. ಅದಕ್ಕೆ ಬದಲಾಗಿ ಒಂದು ಸಂಜೆಯ ಪೂಜೆಯಲ್ಲಿ ಯಾರು ಯಾರಿಗೆ ಯಾವ ನುಡಿಯಲ್ಲಿ ಏನು ಹೇಳಿದರೆಂದು ಬರೆದುಕೊಳ್ಳುವುದು ಮೇಲು. ಮಂತ್ರ ಸಂಸ್ಕೃತ, ಗೋತ್ರನಕ್ಷತ್ರಗಳನ್ನು ಅರ್ಚಕರು ಕೇಳುವುದು ತೆಲುಗಿನಲ್ಲೋ ತಮಿಳಿನಲ್ಲೋ ಕನ್ನಡದಲ್ಲೋ, ಎಲ್ಲರಿಗೂ ಸಲ್ಲುವ ಪ್ರಕಟಣೆ ಇಂಗ್ಲಿಷ್, ಅಡುಗೆಮನೆಯಲ್ಲಿ ಮತ್ತೆ ಊರ ನುಡಿ, ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಮಗನ ಉತ್ತರ ಇಂಗ್ಲಿಷಿನಲ್ಲಿ. ಮಕ್ಕಳ ಕೈಯಲ್ಲಿರುವ ದೇವರನಾಮದ ಹಾಳೆಯನ್ನೂ ನೋಡಬೇಕು: ಅದು ರೋಮನ್ ಲಿಪಿಯಲ್ಲಿರುತ್ತದೆ, ಆ ಲಿಪಿಯಲ್ಲಿ ಲಕಾರ ಳಕಾರಗಳ ಭೇದ ಅಳಿದು ಹ್ರಸ್ವದೀರ್ಘಗಳು ಒಂದಾಗಿ, ಪುರಂದರದಾಸರ ಪದವು ತಾಳಕ್ಕೆ ಸರಿಹೋಗಿಯೂ ಕಿವಿಗೆ ಬೇರೆಯಾಗಿ ಕೇಳುತ್ತದೆ. ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಪ್ರವಚನ ಆರಂಭವಾದಾಗ ಮತ್ತೊಂದು ಪರಿಣಾಮವಾಗುತ್ತದೆ. ಊರಿನಲ್ಲಿ ಯಾರೂ ಕಾರಣ ಕೇಳದೆ ಒಡೆಯುತ್ತಿದ್ದ ತೆಂಗಿನಕಾಯಿ ಅಲ್ಲಿ ಅಹಂಕಾರದ ಸಂಕೇತವಾಗಿ, ಕ್ರಿಯೆಗೆ ಮೊದಲು ಅರ್ಥ ಬಂದು ನಿಲ್ಲುತ್ತದೆ.

ಮುಖಂಡತ್ವದ ಪ್ರಶ್ನೆಯಲ್ಲಿ ಕಾನೂನು ನೇರವಾಗಿ ಗರ್ಭಗುಡಿಯ ಬಾಗಿಲಿಗೆ ಬರುತ್ತದೆ. ಭಾರತದ ನ್ಯಾಯಶಾಸ್ತ್ರದಲ್ಲಿ ದೇವರೇ ಆಸ್ತಿಯ ಒಡೆಯನಾಗಬಲ್ಲ ವ್ಯಕ್ತಿ. ನ್ಯೂಯಾರ್ಕಿನಲ್ಲಿ ಹಾಗಲ್ಲ, ಅಲ್ಲಿ ಒಡೆತನ ನೋಂದಾಯಿತ ಸಂಸ್ಥೆಯದು, ಸಂಸ್ಥೆಗೆ ಧರ್ಮದರ್ಶಿಗಳಿರಬೇಕು. ಅರ್ಚಕನು ಆ ಸಂಸ್ಥೆಯ ಸಂಬಳಗಾರ, ಅನೇಕ ವೇಳೆ ಅವನು ಆ ದೇಶದಲ್ಲಿ ಇರುವುದೇ ಸಂಸ್ಥೆ ಕೊಡಿಸಿದ ವೀಸಾದ ಮೇಲೆ. ವಂಶಪಾರಂಪರ್ಯದ ಹಕ್ಕೆಂಬುದು ಅವನಿಗಿಲ್ಲ. ಫ್ಲಶಿಂಗ್ ಆಲಯದಲ್ಲಿ ಧರ್ಮದರ್ಶಿಗಳನ್ನು ಆರಿಸುವವರು ಯಾರೆಂಬ ವಿವಾದವೆದ್ದು, ಕೆಲವು ಭಕ್ತರು ನ್ಯಾಯಾಲಯವನ್ನು ಸೇರಿದರು. ಸಂಸ್ಥೆಯು 1970ರಲ್ಲಿ ನೋಂದಣಿಯಾದಾಗ ಸದಸ್ಯರು ಚುನಾಯಿಸುವ ಕ್ರಮವಿತ್ತೆಂಬುದು ಅವರ ವಾದ. ಹಿಂದೂ ದೇಗುಲಕ್ಕೆ ಭಕ್ತರಿರುತ್ತಾರೆಯೇ ಹೊರತು ಇಗರ್ಜಿಯಂತೆ ಸದಸ್ಯರಿರುವುದಿಲ್ಲವೆಂಬುದು ಆಡಳಿತದ ಪ್ರತಿವಾದ. ನ್ಯಾಯಾಲಯವು ರಾಜ್ಯದ ಧಾರ್ಮಿಕ ಸಂಸ್ಥೆಗಳ ಕಾನೂನನ್ನು ಹಿಡಿದು ಚುನಾವಣೆ ನಡೆಯಲೇಬೇಕೆಂದು ತೀರ್ಪಿತ್ತಿತು. ಈ ತೀರ್ಪಿನಿಂದ, ಕೈಮುಗಿದು ಹೋಗುವ ಭಕ್ತನಾರು, ಮತ ಹಾಕುವ ಸದಸ್ಯನಾರು ಎಂಬ, ನಮ್ಮ ಊರಿನ ಗುಡಿಯಲ್ಲಿ ಹುಟ್ಟದಿದ್ದ ಪ್ರಶ್ನೆಗೆ ಪಟ್ಟಿ ಮಾಡಿ ಉತ್ತರಿಸಬೇಕಾಯಿತು. ಇಂತಹ ಸಂದರ್ಭದಲ್ಲಿ ಅಭ್ಯಾಸಿಯು ಎರಡು ಪಕ್ಷದವರ ಮಾತನ್ನೂ ಕೇಳಿ, ಉಪನಿಯಮಗಳ ಹಳೆಯ ಹೊಸ ಪ್ರತಿಗಳನ್ನು ಒಟ್ಟಿಗಿಟ್ಟು ಓದದಿದ್ದರೆ, ಪ್ರಬಂಧವು ಒಂದು ಪಕ್ಷದ ಮನವಿಯಾಗಿ ಬಿಡುತ್ತದೆ. ಹೇಳಿದವರ ಹೆಸರನ್ನು ಮರೆಮಾಡುವುದೂ ಇಲ್ಲಿ ಬರಿಯ ಶಿಷ್ಟಾಚಾರವಲ್ಲ. ಮಂಡಲಿಯ ವಿರುದ್ಧ ಮಾತಾಡಿದ ಅರ್ಚಕನಿಗೆ ಕೆಲಸದೊಡನೆ ವೀಸಾವೂ ಹೋದೀತು.

ಈ ವಿದ್ಯೆಯಲ್ಲಿ ಅತಿ ಸಾಮಾನ್ಯವಾದ ದೋಷವೊಂದಿದೆ. ಕಡಲಾಚೆ ಕಂಡದ್ದೆಲ್ಲವನ್ನೂ ಕಡಲಾಚೆಯ ಪ್ರಭಾವವೆಂದು ಬಗೆಯುವುದೇ ಅದು. ಭಾನುವಾರದ ನೂಕುನುಗ್ಗಲು, ಇಂಗ್ಲಿಷಿನ ಪ್ರಕಟಣೆ, ಒಂದೇ ಸೂರಿನಡಿಯಲ್ಲಿ ಶಿವನೂ ವಿಷ್ಣುವೂ ಆಂಜನೇಯನೂ ನವಗ್ರಹಗಳೂ ಇರುವುದು, ಇವನ್ನೆಲ್ಲ ಬೆಂಗಳೂರಿನ ಹೊಸ ಬಡಾವಣೆಗಳಲ್ಲಿಯೂ ನೋಡಬಹುದು. ತಾಯ್ನಾಡು ತಾನಿದ್ದಲ್ಲೇ ನಿಂತಿದೆಯೆಂದು ನಂಬಿ, ಮೂವತ್ತು ವರ್ಷಗಳ ಹಿಂದಿನ ಹಳ್ಳಿಯ ಗುಡಿಯೊಡನೆ ಇಂದಿನ ನ್ಯೂಜೆರ್ಸಿಯ ಗುಡಿಯನ್ನು ತೂಗಿ ನೋಡುವ ಪ್ರಬಂಧ ನಿರುಪಯುಕ್ತ. ಮೇಲಾಗಿ ಅಲ್ಲಿನ ಬದಲಾವಣೆ ಇಲ್ಲಿಗೂ ಮರಳಿ ಬರುತ್ತದೆ. ನ್ಯೂಜೆರ್ಸಿಯ ಎಡಿಸನ್ನಿನಲ್ಲಿಯೂ ಶ್ರೀಕೃಷ್ಣನಿಗೆ ಬೃಂದಾವನವನ್ನು ನಿರ್ಮಿಸಿದ ಪುತ್ತಿಗೆ ಮಠದ ಶ್ರೀ ಸುಗುಣೇಂದ್ರತೀರ್ಥರು 2008ರಲ್ಲಿ ಉಡುಪಿಯ ಪರ್ಯಾಯಪೀಠವನ್ನೇರುವ ಸಮಯದಲ್ಲಿ, ಸಮುದ್ರೋಲ್ಲಂಘನ ಮಾಡಿದ ಯತಿಗಳು ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೆ ಎಂಬ ಆಕ್ಷೇಪ ಇತರ ಮಠಗಳ ಕಡೆಯಿಂದ ಎದ್ದದ್ದನ್ನು ನಮ್ಮ ಓದುಗರು ಮರೆತಿರಲಾರರು. ಎಡಿಸನ್ನನ್ನು ಕುರಿತು ಬರೆಯುವವನು ಉಡುಪಿಯ ರಥಬೀದಿಯಲ್ಲಿಯೂ ಕುಳಿತು ಕೇಳಬೇಕೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಇಷ್ಟಾದರೂ ಕಳೆದುಹೋದ ದಶಕಗಳಲ್ಲಿ ಅಭ್ಯಾಸಿ ಹೋಗಿ ಕುಳಿತುಕೊಳ್ಳಲಾರ; ಅವಕ್ಕೆ ಕಾಗದಗಳೇ ಸಾಕ್ಷಿ. ಯಾವ ವರ್ಷ ಉತ್ಸವ ಶನಿವಾರಕ್ಕೆ ಸರಿಯಿತು, ಯಾವ ವರ್ಷ ಆಹ್ವಾನಪತ್ರದಿಂದ ಕನ್ನಡ ಅಳಿಯಿತು, ಯಾವ ವರ್ಷ ಮಂಡಲಿಯ ಪಟ್ಟಿಯಲ್ಲಿ ಮೊದಲ ಬಾರಿಗೆ ಹೆಂಗಸರ ಹೆಸರು ಬಂತು ಎಂಬುದು ಹಳೆಯ ಕರಪತ್ರಗಳಿಂದಲೇ ತಿಳಿಯಬೇಕು. ಆದುದರಿಂದ ಹೊರದೇಶದಲ್ಲಿ ಬಂಧುಗಳಿರುವ ವಾಚಕರಲ್ಲಿ ನನ್ನದೊಂದು ಬಿನ್ನಹ: ಅವರು ಊರಿಗೆ ಕಳುಹಿಸಿದ ಪ್ರತಿಷ್ಠೆಯ ಆಮಂತ್ರಣ, ಪೂಜೆಯ ರಸೀದಿ, ಸಂಘದ ವಾರ್ತಾಪತ್ರಗಳು ನಿಮ್ಮ ಅಟ್ಟದ ಮೇಲೆ ಎಲ್ಲಿಯಾದರೂ ಇದ್ದರೆ ರದ್ದಿಗೆ ಹಾಕಬೇಡಿ, ತಾರೀಖು ಇಲ್ಲದ ಕಡೆ ನೆನಪಿನಿಂದ ತಾರೀಖು ಬರೆದು ಕಟ್ಟಿಡಿ.